ಮೀನಿನ ತತ್ತಿ

ಮೀನಿನ ತತ್ತಿ ಎಂದರೆ ಹೆಣ್ಣು ಮೀನಿನ ಬೆನ್ನೆಲುಬಿನ ಕೆಳಗೆ ಎಡಬಲಕ್ಕೆ ಚಾಚಿಕೊಂಡಿರುವ ಜೋಡಿ ಅಂಡಾಶಯ ಮತ್ತು ಅದರೊಳಗೆ ಕಿಕ್ಕಿರಿದಿರುವ ಮೊಟ್ಟೆಗಳು. ಒಳನಾಡಿನ ಮಾರುಕಟ್ಟೆಗಳಲ್ಲಿ ಇದನ್ನು ಮೀನಿನ ಮೊಟ್ಟೆ ಎಂದು ಕೇಳಿ ಕೊಳ್ಳುತ್ತಾರೆ; ಕಾರವಾರದ ಕಡೆಯ ಕೊಂಕಣಿ ಮನೆಗಳಲ್ಲಿ ಇದು ಗಾಬೋಳಿ. ಗಂಡು ಮೀನಿನ ಹೊಟ್ಟೆಯಲ್ಲೂ ಇದೇ ಜಾಗದಲ್ಲಿ ಬಿಳಿಯ, ನುಣುಪಾದ, ಕಾಳಿಲ್ಲದ ಜೋಡಿ ಗ್ರಂಥಿ ಸಿಗುತ್ತದೆ. ಅದು ವೀರ್ಯಗ್ರಂಥಿ. ಅದನ್ನೂ ತಿನ್ನುತ್ತಾರೆ, ಆದರೆ ರುಚಿಯೂ ಅಡುಗೆಯೂ ಬೇರೆ. ಈ ಲೇಖನ ಹೆಣ್ಣು ಮೀನಿನ ತತ್ತಿಗೆ ಸಂಬಂಧಿಸಿದ್ದು. ಅದರಲ್ಲೂ ಕರ್ನಾಟಕದ ಕೆರೆ, ಜಲಾಶಯಗಳಿಂದ ಬರುವ ರೋಹು, ಕಾಟ್ಲಾ ಮತ್ತು ಸಾಮಾನ್ಯ ಗೆಂಡೆಯ ತತ್ತಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ.

ರಚನೆ

ತತ್ತಿಯಲ್ಲಿ ಎರಡು ಪೊರೆಗಳಿವೆ. ಅಡುಗೆಯವರಿಗೆ ಬೇಕಾದ ತಿಳಿವಳಿಕೆಯ ಬಹುಪಾಲು ಈ ಎರಡರಲ್ಲೇ ಅಡಗಿದೆ. ಇಡೀ ಅಂಡಾಶಯವನ್ನು ಚೀಲದಂತೆ ಸುತ್ತಿರುವುದು ಹೊರಪೊರೆ. ಮೇಲೆ ರಕ್ತನಾಳಗಳು ಕವಲೊಡೆದು ಕಾಣುವುದು ಇದರಲ್ಲೇ. ಒಂದೊಂದು ಮೊಟ್ಟೆಗೂ ಅದರದೇ ಆದ ಸಿಪ್ಪೆಯಿರುತ್ತದೆ, ಅದು ಎರಡನೆಯದು. ಎಳೆಯ ಅಂಡಾಶಯದಲ್ಲಿ ಮೊಟ್ಟೆಗಳು ಒಳಗಿನ ಜಾಲದಂಥ ಅಂಗಾಂಶಕ್ಕೆ ಅಂಟಿಕೊಂಡಿರುತ್ತವೆ. ಮಾಗುತ್ತ ಹೋದಂತೆ ಹೊರಪೊರೆ ತೆಳುವಾಗುತ್ತದೆ, ಕಾಳು ಬಿಡಿಯಾಗುತ್ತದೆ. ಮೊಟ್ಟೆ ಇಡುವ ಹೊತ್ತು ಹತ್ತಿರವಾದಾಗ ಮೀನಿನ ಹೊಟ್ಟೆ ಒತ್ತಿದರೆ ಸಾಕು, ಮೊಟ್ಟೆಗಳು ತಾವಾಗಿ ಹೊರಗೆ ಹರಿಯುತ್ತವೆ. ಅಡುಗೆಗೆ ಅಷ್ಟು ಮಾಗಿದ್ದು ಒಳ್ಳೆಯದಲ್ಲ. ಚೀಲ ಬಿಗಿಯಾಗಿದ್ದು, ಕಾಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ, ಆದರೆ ಇನ್ನೂ ಉದುರದ ಹಂತ ಎಲ್ಲಕ್ಕಿಂತ ಚೆನ್ನ.

ಆ ಹಂತ ಯಾವಾಗ ಬರುತ್ತದೆ ಎಂಬುದು ಮೀನನ್ನು ಅವಲಂಬಿಸಿದೆ. ರೋಹು, ಕಾಟ್ಲಾ, ಮೃಗಾಲ್ ಮೀನುಗಳು ಮುಂಗಾರಿನಲ್ಲಿ ಹೊಸ ನೀರು ಹರಿದು ಬಂದಾಗ ಮೊಟ್ಟೆ ಇಡುವ ಜಾತಿಗಳು. ಮೇ, ಜೂನ್ ಹೊತ್ತಿಗೆ ಇವುಗಳ ಅಂಡಾಶಯ ಹೊಟ್ಟೆಯನ್ನೆಲ್ಲ ತುಂಬಿಕೊಂಡು, ಮೀನಿನ ತೂಕದ ಹತ್ತನೇ ಒಂದು ಭಾಗವನ್ನೂ ಮೀರಬಹುದು. ವಿಚಿತ್ರವೆಂದರೆ, ನಿಂತ ನೀರಿನ ಕೊಳದಲ್ಲಿ ಸಾಕಿದ ಇದೇ ಮೀನುಗಳ ತತ್ತಿ ಮಾಗುತ್ತದೆ, ಆದರೆ ಅವು ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ್ದು ಭಾರತದ ಮೀನುಸಾಕಣೆಯ ದಿಕ್ಕನ್ನೇ ಬದಲಿಸಿತು. ಚುಚ್ಚುಮದ್ದು ಕಾಣದ ಕೊಳದ ಮೀನಿನಲ್ಲಿ ಮಳೆಗಾಲ ಮುಗಿದ ಮೇಲೆ ತತ್ತಿ ನಿಧಾನವಾಗಿ ಕರಗಿ ಮೈಯೊಳಗೇ ಹೀರಿಹೋಗುತ್ತದೆ. ಅಕ್ಟೋಬರ್ ನಂತರ ಕೆಲವೊಮ್ಮೆ ಸಿಗುವ ಜೋಲುಬಿದ್ದ, ನೀರು ನೀರಾದ, ಅಲ್ಲಲ್ಲಿ ಹಳದಿ ಕಲೆಯ ತತ್ತಿ ಹೆಚ್ಚಾಗಿ ಇಂಥದ್ದು. ಅದು ಕೊಳೆತದ್ದಲ್ಲ, ಆದರೆ ಬೇಯಿಸಿದರೆ ಹಿಡಿದುಕೊಳ್ಳುವುದಿಲ್ಲ. ಸಾಮಾನ್ಯ ಗೆಂಡೆಯದು ಬೇರೆ ಕಥೆ. ಅದು ಕೊಳದಲ್ಲೇ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡುತ್ತದೆ. ಹಾಗಾಗಿ ಅದರ ತತ್ತಿ ಮಳೆಗಾಲದ ಹೊರಗೂ ಸಿಗುತ್ತದೆ.

ಕ್ಯಾವಿಯಾರ್ ಮತ್ತು ತತ್ತಿ

ಕ್ಯಾವಿಯಾರ್ ಕೂಡ ಮೀನಿನ ತತ್ತಿಯೇ. ಆದರೆ ಎಲ್ಲ ತತ್ತಿಯೂ ಕ್ಯಾವಿಯಾರ್ ಅಲ್ಲ. ಅದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು ಜಾತಿ. ಸ್ಟರ್ಜನ್ ಎಂಬ ಪ್ರಾಚೀನ ಕುಲದ ಮೀನುಗಳದ್ದಾಗಿರಬೇಕು. ಕ್ಯಾಸ್ಪಿಯನ್ ಸಮುದ್ರದ ಬೆಲುಗಾ, ಒಸೆಟ್ರಾ, ಸೆವ್ರುಗಾ ಇವುಗಳಲ್ಲಿ ಹೆಸರಾದ ಮೂರು. ಎರಡನೆಯದು ಸಂಸ್ಕರಣೆ. ಹೊರಪೊರೆಯನ್ನು ತೆಗೆದು, ಕಾಳನ್ನು ಬಿಡಿಸಿ, ಉಪ್ಪು ಹಾಕಿರಬೇಕು. ಅಮೆರಿಕದಲ್ಲಿ ಬರೇ ಕ್ಯಾವಿಯಾರ್ ಎಂದು ಮಾರಬೇಕಾದರೆ ಅದು ಸ್ಟರ್ಜನ್‌ನದೇ ಆಗಿರಬೇಕು. ಬೇರೆ ಮೀನಿನದಾದರೆ ಆ ಮೀನಿನ ಹೆಸರನ್ನು ಜೊತೆಗೆ ಬರೆಯಬೇಕು. ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಕಪ್ಪು ಕಾಳಿನ ಬಾಟಲಿ ಬಹುಮಟ್ಟಿಗೆ ಲಂಪ್‌ಫಿಶ್ ಎಂಬ ಮೀನಿನದು, ಬಣ್ಣ ಹಾಕಿದ್ದು. ಕೆಂಪು ಕ್ಯಾವಿಯಾರ್ ಎಂದು ಕರೆಸಿಕೊಳ್ಳುವ ದೊಡ್ಡ ಕಿತ್ತಳೆ ಕಾಳು ಸಾಲ್ಮನ್‌ನದು.

ತಯಾರಿಕೆ ಕೇಳಲು ಸರಳ. ಮೀನಿನಿಂದ ತೆಗೆದ ಅಂಡಾಶಯವನ್ನು ಹೊತ್ತು ಕಳೆಯದೆ ಜರಡಿಯ ಮೇಲೆ ಹಗುರವಾಗಿ ಉಜ್ಜುತ್ತಾರೆ. ಕಾಳು ಕೆಳಗೆ ಬೀಳುತ್ತದೆ, ಹೊರಪೊರೆ ಮೇಲೆ ಉಳಿಯುತ್ತದೆ. ತಣ್ಣೀರಿನಲ್ಲಿ ಬೇಗ ತೊಳೆದು, ಬಸಿದು, ತೂಗಿ, ಆ ತೂಕಕ್ಕೆ ತಕ್ಕ ಉಪ್ಪನ್ನು ಕೈಯಲ್ಲೇ ಬೆರೆಸುತ್ತಾರೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸಿದ್ಧ ಸರಕಿನ 100 ಗ್ರಾಂನಲ್ಲಿ ಉಪ್ಪು 3ರಿಂದ 5 ಗ್ರಾಂ ಇರಬೇಕು. ಉಪ್ಪು ಇಲ್ಲಿ ರುಚಿಗಷ್ಟೇ ಅಲ್ಲ. ಅದು ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ, ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಇಳಿಸುತ್ತದೆ. ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಟ್ಟರೂ ಕ್ಯಾವಿಯಾರ್ ಮಂಜುಗಡ್ಡೆಯಾಗದೆ ಇರುವುದು ಇದರಿಂದಲೇ.

ಬೆಲೆಗೆ ಕಾರಣ ರುಚಿಯೊಂದೇ ಅಲ್ಲ. ಬೆಲುಗಾ ಹೆಣ್ಣು ಮೊದಲ ಸಲ ಮೊಟ್ಟೆ ಕಟ್ಟಲು ಸುಮಾರು 15 ವರ್ಷ ದಾಟಬೇಕು. ಹಳೆಯ ಪದ್ಧತಿಯಲ್ಲಿ ತತ್ತಿ ತೆಗೆಯಲು ಆ ಮೀನನ್ನು ಕೊಲ್ಲಲೇಬೇಕು. ಅಣೆಕಟ್ಟು ಮತ್ತು ಕಳ್ಳಬೇಟೆಗಳಿಂದ ಸ್ಟರ್ಜನ್‌ಗಳು ಅಳಿವಿನ ಅಂಚಿಗೆ ಬಂದು, 1998ರಿಂದ ಇವುಗಳ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಹಿಡಿತಕ್ಕೆ ಬಂತು. ಈಗ ಮಾರಾಟವಾಗುವುದರಲ್ಲಿ ಬಹುಪಾಲು ಸಾಕಿದ ಮೀನಿನದು. ಉತ್ಪಾದನೆಯಲ್ಲಿ ಚೀನಾ ಮುಂದಿದೆ. ಇರಾನಿನ ಇತಿಹಾಸದಲ್ಲಿ ಇನ್ನೊಂದು ಸಂಗತಿಯಿದೆ. ಸ್ಟರ್ಜನ್‌ಗೆ ಸಾಮಾನ್ಯ ಮೀನಿನಂಥ ಹುರುಪೆ ಇಲ್ಲವೆಂದು ಶಿಯಾ ಧರ್ಮಶಾಸ್ತ್ರದಲ್ಲಿ ಅದು ನಿಷಿದ್ಧವಾಗಿತ್ತು. 1983ರಲ್ಲಿ ಖೊಮೇನಿಯವರು ಅದನ್ನು ತಿನ್ನಬಹುದೆಂದು ಅನುಮತಿಸಿದರು.

ಇಷ್ಟು ಹೇಳಿದ್ದಕ್ಕೆ ಅಡುಗೆಮನೆಗೆ ಸಂಬಂಧಪಟ್ಟ ಕಾರಣವಿದೆ. ಕ್ಯಾವಿಯಾರ್ ಮಾಡುವವರು ಹೊರಪೊರೆಯನ್ನು ಬಿಸಾಡಿ ಕಾಳನ್ನು ಉಳಿಸಿಕೊಳ್ಳುತ್ತಾರೆ. ತತ್ತಿ ಬೇಯಿಸುವವರಿಗೆ ಆ ಹೊರಪೊರೆಯೇ ಪಾತ್ರೆ. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಕ್ಯಾವಿಯಾರನ್ನು ಬೇಯಿಸಿದರೆ ಕಾಳು ಗಟ್ಟಿಯಾಗಿ ಹಣ ಹಾಳು. ರೋಹುವಿನ ತತ್ತಿಯನ್ನು ಉಪ್ಪು ಬೆರೆಸಿ ಹಸಿಯಾಗಿ ತಿಂದರೆ ಆರೋಗ್ಯ ಹಾಳು, ಏಕೆಂದರೆ ನೂರಕ್ಕೆ ನಾಲ್ಕು ಭಾಗ ಉಪ್ಪು ಕೆರೆನೀರಿನ ಪರಾವಲಂಬಿ ಹುಳುಗಳನ್ನಾಗಲಿ ರೋಗಾಣುಗಳನ್ನಾಗಲಿ ಕೊಲ್ಲುವುದಿಲ್ಲ. ಸಿಹಿನೀರಿನ ಮೀನಿನ ತತ್ತಿಯಿಂದ ಮನೆಯಲ್ಲೇ ಕ್ಯಾವಿಯಾರ್ ಮಾಡುವ ಉತ್ಸಾಹ ಬೇಡ.

ಎರಡರ ನಡುವೆ ಮೂರನೆಯ ದಾರಿಯೊಂದಿದೆ: ಹೊರಪೊರೆ ಸಮೇತ ಉಪ್ಪು ಹಾಕಿ ಒಣಗಿಸುವುದು. ಬೂದು ಮಲೆಟ್ ಮೀನಿನ ಜೋಡಿ ತತ್ತಿಯನ್ನು ಹೀಗೆ ಒತ್ತಿ ಒಣಗಿಸಿದ್ದು ಇಟಲಿಯ ಸಾರ್ಡಿನಿಯಾದಲ್ಲಿ ಬೊತ್ತಾರ್ಗಾ, ಜಪಾನಿನ ನಾಗಸಾಕಿಯಲ್ಲಿ ಕರಾಸುಮಿ. ಗ್ರೀಸಿನ ಮೆಸೊಲೊಂಗಿಯಲ್ಲಿ ಇದಕ್ಕೆ ಜೇನುಮೇಣದ ಲೇಪವನ್ನೂ ಕೊಡುತ್ತಾರೆ. ಇದನ್ನು ಅನ್ನದಂತೆ ಉಣ್ಣುವುದಿಲ್ಲ, ತೆಳ್ಳಗೆ ಹೆಚ್ಚಿ ತಿನ್ನುತ್ತಾರೆ ಅಥವಾ ತುರಿದು ಉದುರಿಸುತ್ತಾರೆ.

ಆಯ್ಕೆ ಮತ್ತು ಶುಚಿ

ಒಳ್ಳೆಯ ತತ್ತಿ ಬಿಗಿಯಾಗಿ, ಒದ್ದೆ ಹೊಳಪಿನಿಂದ ಕೂಡಿದ್ದು, ಬೆರಳಿಟ್ಟು ಒತ್ತಿದರೆ ಮತ್ತೆ ಮೇಲೇಳುತ್ತದೆ. ನಾಳಗಳಲ್ಲಿ ರಕ್ತ ಕೆಂಪಾಗಿರಬೇಕು, ಕಂದಾಗಿದ್ದರೆ ಹಳೆಯದು. ಬಣ್ಣವನ್ನು ಮಾತ್ರ ನಂಬಬಾರದು. ಬೂದು ಹಸಿರಿನಿಂದ ಹಿಡಿದು ಹಳದಿ, ಕಿತ್ತಳೆಯವರೆಗೆ ಬಣ್ಣ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಮೇಲ್ಮೈ ಲೋಳೆಲೋಳೆಯಾಗಿ ಬೆರಳಿಗೆ ಎಳೆ ಎಳೆಯಾಗಿ ಅಂಟಿದರೆ, ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ಅದನ್ನು ಬಿಟ್ಟುಬಿಡುವುದೇ ಸರಿ. ಮಸಾಲೆಯಿಂದ ಆ ವಾಸನೆ ಹೋಗುವುದಿಲ್ಲ. ಒಂದು ಕಡೆ ಮಾತ್ರ ಗಾಢ ಹಸಿರು ಕಲೆಯಿದ್ದರೆ ಪಿತ್ತಕೋಶ ಒಡೆದಿದೆ ಎಂದು ತಿಳಿಯಬೇಕು. ಕೂಡಲೇ ಕಂಡರೆ ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಕಲೆ ಒಳಗೆ ಇಳಿದಿದ್ದರೆ ಇಡೀ ತತ್ತಿ ಕಹಿ.

ಪಿತ್ತಕೋಶ ಒಡೆಯುವುದು ಮೀನು ಸೀಳುವಾಗ. ಕತ್ತಿಯನ್ನು ಗುದದ್ವಾರದಿಂದ ತಲೆಯ ಕಡೆಗೆ, ಮೊನೆ ಮೇಲೆ ಮಾಡಿ, ಬರೇ ಚರ್ಮದಷ್ಟೇ ಆಳಕ್ಕೆ ಓಡಿಸಬೇಕು. ಪಿತ್ತಕೋಶ ಯಕೃತ್ತಿನ ಬಳಿ, ತಲೆಯ ಕಡೆಗೆ ಇರುತ್ತದೆ. ಹಾಗಾಗಿ ತತ್ತಿಯನ್ನು ಬಾಲದ ಕಡೆಯಿಂದ ಬಿಡಿಸುತ್ತ ಬರುವುದು ಕ್ಷೇಮ. ಮಾರುವವರಿಗೆ ಮೊದಲೇ ಹೇಳದಿದ್ದರೆ ಅವರು ಕರುಳಿನ ಜೊತೆಗೆ ತತ್ತಿಯನ್ನೂ ಒಂದೇ ಎಳೆತಕ್ಕೆ ಕಿತ್ತು ಹಾಕುತ್ತಾರೆ. ಚೀಲ ಅಲ್ಲೇ ಹರಿಯುತ್ತದೆ.

ಮನೆಗೆ ತಂದ ತತ್ತಿಯನ್ನು ನಲ್ಲಿಯ ಧಾರೆಗೆ ಹಿಡಿಯುವುದು ಸಾಮಾನ್ಯ ತಪ್ಪು. ಧಾರೆಯ ಬಿರುಸಿಗೆ ಮಾಗಿದ ಹೊರಪೊರೆ ಹರಿಯುತ್ತದೆ. ಬರೇ ನೀರಿನಲ್ಲಿ ನೆನೆಸಿಟ್ಟರೆ ಇನ್ನೊಂದು ತೊಂದರೆ. ಮೊಟ್ಟೆಯೊಳಗಿನ ಕೆಲವು ಪ್ರೋಟೀನುಗಳು ಉಪ್ಪಿರುವ ದ್ರವದಲ್ಲಿ ಮಾತ್ರ ಕರಗಿರುತ್ತವೆ. ಸಿಹಿನೀರು ಒಳಸೇರಿ ಉಪ್ಪು ತೆಳುವಾದಾಗ ಅವು ಬೇರ್ಪಟ್ಟು ಕಾಳು ಬೆಳ್ಳಗೆ ಮಬ್ಬಾಗುತ್ತದೆ. ಸಾಲ್ಮನ್‌ನ ದೊಡ್ಡ ಕಾಳಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ, ಉಪ್ಪು ಹಾಕಿದೊಡನೆ ಮತ್ತೆ ತಿಳಿಯಾಗುವುದೂ ಕಾಣುತ್ತದೆ. ಆದ್ದರಿಂದ ಒಂದು ಲೀಟರ್ ತಣ್ಣೀರಿಗೆ 20 ಗ್ರಾಂ ಉಪ್ಪು ಕರಗಿಸಿ, ಅಗಲವಾದ ಪಾತ್ರೆಯಲ್ಲಿ ತತ್ತಿಯನ್ನು ಮುಳುಗಿಸಿ, ಅಂಗೈಯಲ್ಲಿ ಎತ್ತಿ ಹಿಡಿದು ತೊಳೆಯಬೇಕು. ಅಂಟಿರುವ ಕರುಳು, ಕೊಬ್ಬು, ಕಪ್ಪು ತೊಗಲನ್ನು ಕತ್ತರಿಯಿಂದ ತೆಗೆಯಬಹುದು. ಎಳೆದರೆ ಪೊರೆಯೂ ಬರುತ್ತದೆ.

ಉಳಿಯುವುದು ರಕ್ತನಾಳ. ರಕ್ತ ಒಳಗೇ ಉಳಿದರೆ ಬೆಂದ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ, ಹಸಿ ಮೀನಿನ ವಾಸನೆಯ ಮೂಲವೂ ಅದೇ. ದಪ್ಪ ನಾಳಕ್ಕೆ ಎರಡು ಮೂರು ಕಡೆ ಸೂಜಿಯಿಂದ ಚುಚ್ಚಿ, ಚಮಚದ ಬೆನ್ನಿನಿಂದ ತುದಿಯಿಂದ ತೂತಿನ ಕಡೆಗೆ ಮೆಲ್ಲನೆ ಸವರಿದರೆ ರಕ್ತ ಉಪ್ಪುನೀರಿಗೆ ಇಳಿಯುತ್ತದೆ. ಕರಾಸುಮಿ ಮಾಡುವವರು ಇದನ್ನೇ ಬಹಳ ತಾಳ್ಮೆಯಿಂದ ಮಾಡುತ್ತಾರೆ. ಸಾರಿಗೆ ಹಾಕುವ ತತ್ತಿಗೆ ದಪ್ಪ ನಾಳ ಮಾತ್ರ ಸಾಕು. ಆಮೇಲೆ ಬಟ್ಟೆಯ ಮೇಲಿಟ್ಟು ನೀರು ಆರಿಸಬೇಕು. ಅರಿಸಿನ ಮತ್ತು ನಿಂಬೆರಸ ಸವರುವ ರೂಢಿಯಿದೆ. ಸವರಿದರೆ ಹತ್ತು ನಿಮಿಷ ಸಾಕು, ಹೆಚ್ಚು ಹೊತ್ತು ಬಿಟ್ಟರೆ ಹುಳಿಗೆ ಮೇಲ್ಪದರ ಗಟ್ಟಿಯಾಗುತ್ತದೆ.

ಬೇಯಿಸುವುದು

ಹಸಿ ತತ್ತಿಯನ್ನು ನೇರವಾಗಿ ಕಾದ ಎಣ್ಣೆಗೆ ಬಿಟ್ಟರೆ ಸಿಡಿಯುತ್ತದೆ. ಹೊರಪೊರೆಯೊಳಗೆ ಹಬೆ ಕಟ್ಟಿ, ಹೊರಹೋಗಲು ದಾರಿಯಿಲ್ಲದೆ ಚೀಲವನ್ನೇ ಒಡೆಯುತ್ತದೆ. ಕಾಳುಗಳು ಒಂದೊಂದಾಗಿ ಸಾಸಿವೆಯಂತೆ ಹಾರುತ್ತವೆ. ಮುಖಕ್ಕೆ ಎಣ್ಣೆ ಸಿಡಿಸಿಕೊಂಡವರು ಮತ್ತೆ ತತ್ತಿ ಹುರಿಯುವುದೇ ಇಲ್ಲ. ಇದನ್ನು ತಪ್ಪಿಸಲು ಮೊದಲು ನೀರಿನಲ್ಲಿ ಬೇಯಿಸಿ, ತಣಿಸಿ, ಹೆಚ್ಚಿ, ಆಮೇಲೆ ಹುರಿಯಬೇಕು.

ಅರ್ಧ ಕಿಲೋ ತೂಕದ ಕಾಟ್ಲಾ ತತ್ತಿಯ ಜೋಡಿಯೊಂದನ್ನು ತೆಗೆದುಕೊಳ್ಳೋಣ. ಒಂದೊಂದು ಹೋಳು ಕಾಲು ಕಿಲೋ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ದಪ್ಪ. ಪೊರೆಗೆ ಸೂಜಿಯಿಂದ ಎಂಟು ಹತ್ತು ಕಡೆ ಚುಚ್ಚಬೇಕು. ಅಗಲವಾದ ಪಾತ್ರೆಯಲ್ಲಿ ತತ್ತಿ ಮುಳುಗುವಷ್ಟು ನೀರು, ಲೀಟರಿಗೆ 20 ಗ್ರಾಂ ಉಪ್ಪು, ಅರ್ಧ ಚಮಚ ಅರಿಸಿನ, ಜಜ್ಜಿದ ಶುಂಠಿ ಹಾಕಿ, ನೀರು ಕೈಗೆ ಬೆಚ್ಚಗೆ ಹತ್ತುವಾಗಲೇ ತತ್ತಿಯನ್ನು ಇಳಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಪೊರೆ ಥಟ್ಟನೆ ಕುಗ್ಗಿ ಹರಿಯುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಕಾವಿನಲ್ಲಿ, ಕುದಿ ಬರಗೊಡದೆ, 12ರಿಂದ 15 ನಿಮಿಷ. ಒಳಗೆ ಬೆಂದಿದೆಯೋ ಎಂದು ನೋಡಲು ದಪ್ಪ ಭಾಗದಲ್ಲಿ ಒಂದು ತುಂಡು ಕತ್ತರಿಸಬೇಕು. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ, ಒಂದೇ ಗಟ್ಟಿತನವಿದ್ದರೆ ಬೆಂದಿದೆ. ನಡುವೆ ಪಾರದರ್ಶಕವಾಗಿ, ಗೋಂದಿನಂತೆ ಇದ್ದರೆ ಇನ್ನೂ ಮೂರು ನಿಮಿಷ ಬೇಕು. ಅರ್ಧ ಗಂಟೆ ಬೇಯಿಸಿದರೆ ಮೆತ್ತಗಾಗುವುದಿಲ್ಲ, ಬದಲಿಗೆ ಪ್ರೋಟೀನು ನೀರನ್ನು ಹಿಂಡಿ ಹೊರಹಾಕಿ ಸುಣ್ಣದಂತೆ ಒಣಗುತ್ತದೆ, ಬಾಯಲ್ಲಿ ಮರಳಾಗುತ್ತದೆ.

ತಣಿದ ಮೇಲೆ ಒಂದೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಬಿಸಿಯಲ್ಲಿ ಹೆಚ್ಚಿದರೆ ಪುಡಿಯಾಗುತ್ತದೆ. ಖಾರದ ಪುಡಿ, ಬೆಳ್ಳುಳ್ಳಿ, ಹುಣಸೆರಸ, ಉಪ್ಪು ಕಲಸಿದ ಮಸಾಲೆಯನ್ನು ಸವರಿ, ಸಣ್ಣ ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಎಣ್ಣೆ ಹಾಕಿ ಎರಡೂ ಬದಿ ಎರಡೆರಡು ನಿಮಿಷ ಹುರಿದರೆ ಸಾಕು. ಒಳಗು ಮೊದಲೇ ಬೆಂದಿರುವುದರಿಂದ ಹುರಿಯುವುದು ಮೇಲಿನ ಗರಿಗರಿಗಷ್ಟೇ. ಮೊದಲು ಬೇಯಿಸಿದರೆ ರುಚಿ ನೀರಿಗೆ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ನೀರಿಗೆ ಉಪ್ಪು ಹಾಕದಿದ್ದರೆ ಆ ಮಾತಿನಲ್ಲಿ ಹುರುಳಿದೆ.

ಮೀನುಸಾರಿಗೆ ಹಾಕುವಾಗಲೂ ಇದೇ ತತ್ವ. ಹಸಿ ತತ್ತಿಯನ್ನು ತುಂಡು ಮಾಡಿ ಸಾರಿಗೆ ಬಿಟ್ಟರೆ ಕಾಳು ಬಿಚ್ಚಿಕೊಂಡು ಸಾರೆಲ್ಲ ರವೆರವೆಯಾಗುತ್ತದೆ. ಇಡಿಯಾಗಿ, ಚುಚ್ಚಿ, ಸಾರು ಹದವಾಗಿ ಕಾಯುತ್ತಿರುವಾಗ ಮೀನಿಗಿಂತ ಮೊದಲು ಹಾಕಬೇಕು. ಮೀನಿನ ತುಂಡು ಐದಾರು ನಿಮಿಷಕ್ಕೆ ಬೆಂದರೆ ದಪ್ಪ ತತ್ತಿಗೆ ಅದರ ಎರಡರಷ್ಟು ಹೊತ್ತು ಬೇಕು. ಬಡಿಸುವಾಗ ಹೆಚ್ಚಿಕೊಂಡರಾಯಿತು. ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿನ ತತ್ತಿಗೆ ಈ ತಾಪತ್ರಯವಿಲ್ಲ. ಬೆರಳಿನಷ್ಟು ತೆಳ್ಳಗಿರುವುದರಿಂದ ಹೊಟ್ಟೆಯೊಳಗೇ ಬಿಟ್ಟು ಮೀನಿನ ಜೊತೆಗೇ ಹುರಿಯುತ್ತಾರೆ.

ಚೀಲ ಹರಿದ ತತ್ತಿಯನ್ನು ಎಸೆಯಬೇಕಾಗಿಲ್ಲ. ಬಂಗಾಳದಲ್ಲಿ ರೋಹು, ಕಾಟ್ಲಾ ತತ್ತಿಯನ್ನು ಬೇಕೆಂದೇ ಒಡೆದು ಬೊರಾ ಎಂಬ ವಡೆ ಮಾಡುತ್ತಾರೆ. ಕಾಲು ಕಿಲೋ ತತ್ತಿಯ ಪೊರೆಯನ್ನು ಸೀಳಿ, ಚಮಚದಿಂದ ಕಾಳನ್ನು ಕೆರೆದು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಅರಿಸಿನ, ಎರಡು ದೊಡ್ಡ ಚಮಚ ಕಡಲೆಹಿಟ್ಟು, ಒಂದು ಚಮಚ ಅಕ್ಕಿಹಿಟ್ಟು ಕಲಸಬೇಕು. ಉಪ್ಪನ್ನು ಕರಿಯುವ ಮುಂಚೆ ಮಾತ್ರ ಹಾಕಬೇಕು. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ. ಸಣ್ಣ ವಡೆಗಳನ್ನು ನಡುಗಾವಿನ ಎಣ್ಣೆಯಲ್ಲಿ ಕರಿಯಬೇಕು. ಹೊಗೆಯೇಳುವ ಎಣ್ಣೆಯಲ್ಲಿ ಹೊರಗಿನ ಕಾಳು ಸಿಡಿಯುತ್ತದೆ, ಒಳಗು ಹಸಿಯಾಗಿ ಉಳಿಯುತ್ತದೆ. ಎಣ್ಣೆ ಬೇಡದವರು ಇದೇ ಮಿಶ್ರಣವನ್ನು ಬಾಳೆಎಲೆಯಲ್ಲಿ ಮಡಿಸಿ ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಹಬೆಗಿಡಬಹುದು.

ತಿನ್ನಬಾರದ ತತ್ತಿ

ಕೆಲವು ಮೀನಿನ ಮಾಂಸ ತಿನ್ನಬಹುದಾದರೂ ತತ್ತಿ ವಿಷ. ಗಾಳಿ ತುಂಬಿ ಉಬ್ಬುವ ಪಫರ್ ಮೀನಿನ ಅಂಡಾಶಯ ಮತ್ತು ಯಕೃತ್ತಿನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ನರವಿಷ ಇರುತ್ತದೆ. ಬೇಯಿಸಿದರೆ ಅದು ನಾಶವಾಗುವುದಿಲ್ಲ. ನಮ್ಮ ಕರಾವಳಿಯ ಬಲೆಗಳಿಗೂ ಈ ಮೀನು ಬೀಳುತ್ತದೆ. ಹಿಮಾಲಯದ ಹೊಳೆಗಳ ಸ್ಕಿಜೊಥೊರಾಕ್ಸ್, ಯುರೋಪಿನ ಬಾರ್ಬೆಲ್, ಉತ್ತರ ಅಮೆರಿಕದ ಗಾರ್ ಮೀನುಗಳ ತತ್ತಿ ವಾಂತಿ ಭೇದಿ ತರುತ್ತದೆ. ಯಾವ ಮೀನಿನದೆಂದು ಗೊತ್ತಿಲ್ಲದೆ ಬಿಡಿಯಾಗಿ ಮಾರುವ ತತ್ತಿಯನ್ನು ಕೊಳ್ಳದಿರಲು ಈ ಕಾರಣವೊಂದೇ ಸಾಕು. ಮೀನು ಒಗ್ಗುವವರಿಗೂ ಕೆಲವೊಮ್ಮೆ ತತ್ತಿ ಮಾತ್ರ ಒಗ್ಗದೆ ಮೈಮೇಲೆ ಗಂಧೆ ಏಳುವುದುಂಟು. ಮೊದಲ ಸಲ ಮಕ್ಕಳಿಗೆ ಕೊಡುವಾಗ ಸ್ವಲ್ಪವೇ ಕೊಡಬೇಕು. 100 ಗ್ರಾಂ ಹಸಿ ತತ್ತಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದ್ದರೆ ಕೊಲೆಸ್ಟರಾಲ್ 370 ಮಿಲಿಗ್ರಾಂ ದಾಟುತ್ತದೆ.

ಕಾಪಿಡುವುದು

ತತ್ತಿ ಮಾಂಸಕ್ಕಿಂತ ಬೇಗ ಕೆಡುತ್ತದೆ. ಕೊಂಡ ದಿನವೇ ಬೇಯಿಸುವುದು ಒಳ್ಳೆಯದು; ಆಗದಿದ್ದರೆ ತೊಳೆಯದೆ, ಒರೆಸಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನು ಮಂಜುಗಡ್ಡೆಯ ಮೇಲೆ ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಮರುದಿನದವರೆಗೆ ನಿಲ್ಲುತ್ತದೆ. ಮಂಜುಗಡ್ಡೆ ಕರಗಿದ ನೀರು ತತ್ತಿಗೆ ತಾಗಬಾರದು. ಬೇಯಿಸಿದ್ದು ಎರಡು ದಿನ ಇರುತ್ತದೆ.

ಫ್ರೀಜರಿನಲ್ಲಿಟ್ಟಾಗ ಕಾಳಿನೊಳಗಿನ ನೀರು ಹರಳುಗಟ್ಟಿ ಸಿಪ್ಪೆಯನ್ನು ಹರಿಯುತ್ತದೆ. ಕಾಳು ಬಾಯಲ್ಲಿ ಒಡೆಯುವುದೇ ಸುಖವಾಗಿರುವ ಕ್ಯಾವಿಯಾರಿಗೆ ಇದು ಕೇಡು. ಬೇಯಿಸಿ ತಿನ್ನುವ ತತ್ತಿಗೆ ಅಷ್ಟು ನಷ್ಟವಿಲ್ಲ, ಆದರೆ ಹಸಿಯಾಗಿಟ್ಟದ್ದು ಕರಗುವಾಗ ನೀರು ಬಿಟ್ಟು ಮೆತ್ತಗಾಗುತ್ತದೆ. ಹಾಗಾಗಿ ಮೇಲೆ ಹೇಳಿದಂತೆ ಉಪ್ಪುನೀರಿನಲ್ಲಿ ಬೇಯಿಸಿ, ಪೂರ್ತಿ ತಣಿಸಿ, ಹೆಚ್ಚದೆ ಇಡಿಯಾಗಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ದಿನಾಂಕ ಬರೆದು ಇಡುವುದು ಮೇಲು. ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಬಾಳುತ್ತದೆ. ಅಷ್ಟು ತಣ್ಣಗಿದ್ದರೂ ಅದರೊಳಗಿನ ಕೊಬ್ಬು ಗಾಳಿಯ ಸಂಪರ್ಕಕ್ಕೆ ನಿಧಾನವಾಗಿ ಕಮಟಾಗುತ್ತದೆ. ಅಂಚು ಹಳದಿಗಟ್ಟಿ, ಹಳೆಯ ಎಣ್ಣೆಯ ವಾಸನೆ ಬಂದರೆ ಅವಧಿ ಮುಗಿದಿದೆ. ಕರಗಿಸುವುದನ್ನು ಫ್ರಿಜ್ಜಿನೊಳಗೇ ರಾತ್ರಿಯಿಡೀ ಮಾಡಬೇಕು, ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ಕೊಂಡು ತಂದ ಕ್ಯಾವಿಯಾರ್ ಡಬ್ಬಿಯನ್ನು ಫ್ರಿಜ್ಜಿನ ಅತಿ ತಣ್ಣಗಿನ ಮೂಲೆಯಲ್ಲಿ ಇಡಬೇಕು. ತೆರೆದ ಮೇಲೆ ಎರಡು ಮೂರು ದಿನದೊಳಗೆ ಮುಗಿಸಬೇಕು. ಬೆಳ್ಳಿ ಚಮಚ ಲೋಹದ ರುಚಿ ಬಿಡುತ್ತದೆಂದು ಮುತ್ತಿನ ಚಿಪ್ಪಿನ ಚಮಚ ಬಳಸುವ ರೂಢಿಯಿದೆ; ಮರದ್ದೋ ಪ್ಲಾಸ್ಟಿಕ್ಕಿನದೋ ಆದರೂ ನಡೆಯುತ್ತದೆ. ಬೊತ್ತಾರ್ಗಾ ರೀತಿಯಲ್ಲಿ ಒಣಗಿಸಿಡುವ ಆಸೆಯಿರುವವರು ಕರಾವಳಿಯ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲ್ಲುಪ್ಪಿನಲ್ಲಿ ಹೂತು, ಹಲಗೆಗಳ ನಡುವೆ ಒತ್ತಿ, ವಾರಗಟ್ಟಲೆ ಒಣಗಾಳಿಗೆ ಬಿಡಬೇಕಾದ ಈ ಕೆಲಸ ಜೂನ್, ಜುಲೈಯ ತೇವದಲ್ಲಿ ನಡೆಯುವುದಿಲ್ಲ. ಮೇಲೆ ಉಪ್ಪಿನ ಬಿಳಿ ಪುಡಿಯಂತೆ ಕಂಡದ್ದು ಒರೆಸಿದರೆ ಹೋಗಿ ಮರುದಿನ ಹತ್ತಿಯ ಎಳೆಯಂತೆ ಮತ್ತೆ ಬಂದರೆ ಅದು ಬೂಷ್ಟು.